ಇಳಿಯಬೇಕಾದದ್ದು ಏರಿದಾಗ

ಮೂಡುಬಿದಿರೆಯಲ್ಲಿ ನಡೆದ ಅಭ್ಯಾಸ ಪಾಠಕ್ಕೆ ಬಂಟ್ವಾಳ, ಬೆಳ್ತಂಗಡಿಯ ಸಹಪಾಠಿಗಳೇ ನನ್ನ ವಿದ್ಯಾರ್ಥಿಗಳು. ಹಲಗೆಯ ಮೇಲೆ y′ = −50y, y(0) = 1 ಎಂದು ಬರೆದೆ. ಇದರ ಉತ್ತರ ಬೇಗನೆ ಸೊನ್ನೆಯತ್ತ ಇಳಿಯಬೇಕು. ಆದರೆ h = 0.1 ಹೆಜ್ಜೆಯಿಟ್ಟು ಆಯ್ಲರ್ ವಿಧಾನ ಬಳಸಿದರೆ ಪ್ರತಿಸಲ 1 − 50h, ಅಂದರೆ −4ರಿಂದ ಗುಣಿಸಬೇಕು: 1, −4, 16, −64.

"ಲೆಕ್ಕ ತಪ್ಪಿತೇ?" ಎಂದು ಗೆಳತಿ ಕೇಳಿದಳು. ಲೆಕ್ಕ ಸರಿಯಿತ್ತು, ಹೆಜ್ಜೆ 0.04 ಮೀರಿದರೆ ಈ ವಿಧಾನದಲ್ಲಿ ಉತ್ತರ ಹೀಗೆಯೇ ಏರುತ್ತದೆ. ಜೊತೆಗೆ ನಿಧಾನವಾಗಿ ಬದಲಾಗುವ ಭಾಗವೂ ಇರುವ ಸ್ಟಿಫ್ ಸಮೀಕರಣದಲ್ಲಿ, ವೇಗದ ಭಾಗ ಅಳಿದ ಮೇಲೂ ಈ ಪುಟ್ಟ ಹೆಜ್ಜೆಯಲ್ಲೇ ಸಾಗಬೇಕು.

ಹಿಮ್ಮುಖ ಆಯ್ಲರ್ ವಿಧಾನದಲ್ಲಿ ಇಳಿಜಾರನ್ನು ಹೆಜ್ಜೆಯ ಕೊನೆಯಲ್ಲಿ ಅಳೆಯುತ್ತೇವೆ. ಹೊಸ y ಎರಡೂ ಬದಿಯಲ್ಲಿ ಬರುವುದರಿಂದ ಸಮೀಕರಣ ಬಿಡಿಸಬೇಕು; ಆಗ ಗುಣಕ 1/(1 + 50h) = 1/6. ಉತ್ತರ 1, 0.167, 0.028 ಎಂದು ಇಳಿಯುತ್ತದೆ. ಮೊದಲ ಹೆಜ್ಜೆಯ ನಿಜವಾದ ಬೆಲೆ 0.0067, ನಿಖರತೆ ಕಡಿಮೆ, ಆದರೆ ಹೆಜ್ಜೆ ಎಷ್ಟೇ ದೊಡ್ಡದಾದರೂ ಉತ್ತರ ಏರುವುದಿಲ್ಲ.