ಐದು ‘ಆಗೇ ಆಗುತ್ತೆ’ಗಳ ಲೆಕ್ಕ

ಚಿಕ್ಕಪ್ಪ ಕುಣಿಗಲ್ ಕಡೆಯಿಂದ ವಿಜಯನಗರದ ನನ್ನ ರೂಮಿಗೆ ಬಂದಿದ್ದರು. ಊರಿನ ಒಂದು ಎಕರೆ ಮಾರಿ ಕೆಂಗೇರಿ ಆಚೆ ಸೈಟು ಕೊಳ್ಳುವ ಯೋಚನೆ. ನಾಲ್ಕು ವರ್ಷದಲ್ಲಿ ಬೆಲೆ ಎರಡರಷ್ಟಾದರೆ ಮಗನ ಇಂಜಿನಿಯರಿಂಗ್ ಖರ್ಚು ಮುಗಿಯುತ್ತದೆ.

ಬ್ರೋಕರ್ ಹೇಳಿದ್ದು ಐದು ಮಾತು. ಮೆಟ್ರೋ ಹತ್ತಿರ ಬರುತ್ತೆ, ರಸ್ತೆ ಅಗಲ ಆಗುತ್ತೆ, ಭೂ ಪರಿವರ್ತನೆ ಆಗುತ್ತೆ, ಕಾವೇರಿ ನೀರು ಬರುತ್ತೆ, ಆಗ ಎರಡರಷ್ಟು ಕೊಡುವ ಗಿರಾಕಿ ಸಿಗುತ್ತಾನೆ.

“ಒಂದೊಂದೂ ಆಗೋ ಹಂಗೇ ಐತಲ್ಲ ಮಗಾ” ಅಂದರು.

ನಿಜ, ಒಂದೊಂದೂ ಆಗುವಂಥದ್ದೇ. ಆದರೆ ಅವರ ಲಾಭಕ್ಕೆ ಐದೂ ಆಗಬೇಕು, ಅದೂ ನಾಲ್ಕು ವರ್ಷದೊಳಗೆ. ಮೈಸೂರು ರಸ್ತೆ ನಿಲ್ದಾಣಕ್ಕೆ ಮೆಟ್ರೋ ಬಂದದ್ದು 2015ರಲ್ಲಿ. ಅಲ್ಲಿಂದ ಕೆಂಗೇರಿ ಮುಟ್ಟಿದ್ದು 2021ರಲ್ಲಿ. ಬಂತು, ಆದರೆ ಆರು ವರ್ಷ ಹಿಡಿಯಿತು.

ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆ. ಚಿಕ್ಕಪ್ಪನ ಹಾಗೆ ನೂರು ಜನ ಇಂಥ ಸೈಟು ಕೊಂಡರು ಅನ್ನೋಣ. ಪ್ರತಿ ಮಾತೂ ನೂರಕ್ಕೆ ಎಂಬತ್ತು ಸಲ ನಿಜವಾಗುತ್ತೆ ಅನ್ನೋಣ. ಮೆಟ್ರೋ ಬಂದದ್ದು 80 ಜನಕ್ಕೆ. ಅವರಲ್ಲಿ ರಸ್ತೆ ಆದದ್ದು 64 ಜನಕ್ಕೆ. ಪರಿವರ್ತನೆ 51, ನೀರು 41, ಗಿರಾಕಿ 33. ಎಲ್ಲ ಮಾತೂ ಗಟ್ಟಿಯಾಗಿದ್ದರೂ, ಅಂದುಕೊಂಡ ಹಾಗೆ ಕೈಗೆ ದುಡ್ಡು ಬಂದದ್ದು ಮೂವರಲ್ಲಿ ಒಬ್ಬರಿಗೆ.

ಚಿಕ್ಕಪ್ಪ ಸುಮ್ಮನೆ ಒಪ್ಪಲಿಲ್ಲ. “ಮೆಟ್ರೋ ಬಂದ್ರೆ ರಸ್ತೆ ತಾನಾಗೇ ಆಗಲ್ವಾ?” ಅವರ ಮಾತು ಸರಿ. ಒಂದು ಆದರೆ ಇನ್ನೊಂದು ಸುಲಭವಾಗುತ್ತದೆ. ಹಾಗಾಗಿ ತಿದ್ದಿದೆವು: ಮೆಟ್ರೋ ಬಂದ ಮೇಲೆ ರಸ್ತೆಗೆ 95, ನೀರಿಗೆ 90, ಗಿರಾಕಿಗೂ 90. ಆದರೂ ಕೊನೆಗೆ ಉಳಿದವರು 49 ಜನ. ನಾಣ್ಯ ಚಿಮ್ಮಿದ ಹಾಗೆ.

ಇದರರ್ಥ ಉಳಿದವರೆಲ್ಲ ಮುಳುಗಿದರು ಅಂತಲ್ಲ. ಕೆಲವರಿಗೆ ಬೆಲೆ ತಡವಾಗಿ ಏರಬಹುದು, ಬೇರೆ ಕಾರಣಕ್ಕೂ ಏರಬಹುದು. ಆದರೆ ಕಾಲೇಜಿನ ಫೀಸು ತಡವಾಗುವುದಿಲ್ಲ.

ಬರೆದು ನೋಡಿದಾಗ ಇನ್ನೊಂದು ಕಂಡಿತು. ಭೂ ಪರಿವರ್ತನೆಗೆ ನಾವು ಹಾಕಿದ್ದ 80 ಹಾಗೇ ಇತ್ತು, ಮೆಟ್ರೋ ಬಂದರೂ ಅದು ಏರುವುದಿಲ್ಲ. ಆದರೆ ಐದರಲ್ಲಿ ಇವತ್ತೇ ವಿಚಾರಿಸಿ ತಿಳಿಯಬಹುದಾದದ್ದೂ ಅದೊಂದೇ. ಆದೇಶ ಕೈಯಲ್ಲಿದ್ದರೆ ಅದು 100 ಆಗುತ್ತದೆ, ಕೊನೆಯ ಲೆಕ್ಕ 62ಕ್ಕೆ ಏರುತ್ತದೆ. ಹೊಸ ಭರವಸೆ ಸೇರಿಸಿದರೆ ಸರಪಳಿ ಉದ್ದವಾಗುತ್ತದೆ. ಕಾಗದ ನೋಡಿದರೆ ಒಂದು ಕೊಂಡಿಯ ಅನುಮಾನ ಕಳೆಯುತ್ತದೆ.

ಮರುದಿನ ಬ್ರೋಕರ್ ಹತ್ತಿರ ಪರಿವರ್ತನೆ ಆದೇಶ ಕೇಳಿದೆವು. ತೋರಿಸಿದ್ದು ಅರ್ಜಿ ಕೊಟ್ಟ ನಕಲು. “ಆಗೇ ಆಗುತ್ತೆ ಸಾರ್” ಅಂದರು.

ಬಸ್ಸಿನಲ್ಲಿ ಕೂತ ಚಿಕ್ಕಪ್ಪ ಕ್ಯಾಲೆಂಡರಿನ ಆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಈ ವರ್ಷ ಆ ಒಂದು ಎಕರೆಯಲ್ಲಿ ರಾಗಿ ಹಾಕಿದ್ದಾರೆ.