ಇಪ್ಪತ್ತೈದು ಅಡಿ ಟೇಪು

ದಾದರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ರೆಕಾರ್ಡಿಂಗ್ ಸ್ಟುಡಿಯೊ ಇದ್ದ ಕಟ್ಟಡಕ್ಕೆ ಈಗ ಹಸಿರು ಬಟ್ಟೆ ಸುತ್ತಿದ್ದಾರೆ. ರೀಡೆವಲಪ್‌ಮೆಂಟ್. ಅದರ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗಲೇ ನನ್ನ ತಂಗಿಯ ಮೊಮ್ಮಗಳ ಫೋನು ಬಂತು. ಪಾರ್ಲಾದ ಒಂದು ಕಾಲೇಜಿನಲ್ಲಿ ಎರಡನೇ ವರ್ಷ ಅವಳು, ಅಲ್ಲಿನ ಫೆಸ್ಟಿನ ಮೀಡಿಯಾ ಟೀಮಿನಲ್ಲಿದ್ದಾಳೆ.

"ಅಜ್ಜಾ, ನೀವು ಮೊದಲು ರೇಡಿಯೊಗೆ ಬರೀತಿದ್ರಿ ಅಲ್ದಾ? ನಮ್ಮ ಫೆಸ್ಟಿಗೆ ಕನ್ನಡದಲ್ಲಿ ಒಂದು ಟೀಸರ್ ಬೇಕು. ಇಪ್ಪತ್ತೇ ಸೆಕೆಂಡು. ಟಿಕೆಟ್ಟಿಗೆ ದುಡ್ಡು ಕೊಡೋದು ಅಪ್ಪ ಅಮ್ಮ ಅಲ್ವಾ, ಅವರ ಗ್ರೂಪಿಗೆ ಹಾಕಬೇಕು."

ನನಗೆ ನಗು ಬಂತು. ನಲವತ್ತು ವರ್ಷದ ಹಿಂದೆ ಒಬ್ಬ ಕಾಲೇಜು ಹುಡುಗ ಇದೇ ಕಟ್ಟಡದ ಮೆಟ್ಟಿಲು ಹತ್ತಿ ಬಂದು ಇದನ್ನೇ ಕೇಳಿದ್ದ. ಕಾರಣವೂ ಇದೇ ಆಗಿತ್ತು.

ಹೋಟೆಲಿನಲ್ಲಿ ಕಪ್ಪು ತೊಳೆಯುತ್ತ, ಕೋಟೆಯ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು ನಾನು. ಸ್ಟುಡಿಯೊಗೆ ಬಂದಿದ್ದು ಚಹಾ ಕೊಡುವವನಾಗಿ. ಅಲ್ಲಿದ್ದ ರೆಕಾರ್ಡಿಸ್ಟನನ್ನು ಎಲ್ಲರೂ ದಾದಾ ಅನ್ನುತ್ತಿದ್ದರು. ಗಿರಗಾಂವ್ ಕಡೆಯ ಮರಾಠಿ ಮನುಷ್ಯ, ತೆಳ್ಳಗೆ, ಯಾವಾಗಲೂ ಅರ್ಧ ತೋಳಿನ ಬಿಳಿ ಅಂಗಿ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾದದ್ದು 1967ರಲ್ಲಿ, ಮುಂಬಯಿ, ಪುಣೆ, ನಾಗಪುರದಿಂದ. ಅಂದಿನಿಂದಲೂ ದಾದಾ ಈ ಕೆಲಸದಲ್ಲಿದ್ದ. ಬೆಳಿಗ್ಗೆ ಬಂದವನೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪಿನ ಹೆಡ್ಡು ಒರೆಸುತ್ತಿದ್ದ, ಆಮೇಲೆ ಗಣಪತಿಗೆ ಊದುಬತ್ತಿ ಹಚ್ಚುತ್ತಿದ್ದ. ಸ್ಪಿರಿಟ್ಟು ಮತ್ತು ಊದುಬತ್ತಿ ಬೆರೆತ ಆ ವಾಸನೆ ನನಗೆ ಈಗಲೂ ಆಸ್ಪತ್ರೆಯಲ್ಲಿ ಒಮ್ಮೊಮ್ಮೆ ಸಿಗುತ್ತದೆ. ಇಂಜೆಕ್ಷನ್ನಿಗೆ ತೋಳು ಚಾಚಿಕೊಂಡೇ ನಾನು ದಾದರಿಗೆ ಹೋಗಿಬಿಡುತ್ತೇನೆ.

ನಮ್ಮ ಮಷೀನಿನಲ್ಲಿ ಟೇಪು ಸೆಕೆಂಡಿಗೆ ಹದಿನೈದು ಇಂಚು ಓಡುತ್ತಿತ್ತು. ಇಪ್ಪತ್ತು ಸೆಕೆಂಡು ಅಂದರೆ ಮುನ್ನೂರು ಇಂಚು, ಇಪ್ಪತ್ತೈದು ಅಡಿ. ಸ್ಟುಡಿಯೊದ ಉದ್ದವೇ ಅಷ್ಟಿರಲಿಲ್ಲ. ಮಾತನಾಡುವವನು ಎಳೆದುಕೊಂಡ ಅರ್ಧ ಸೆಕೆಂಡಿನ ಉಸಿರು ಟೇಪಿನಲ್ಲಿ ಏಳೂವರೆ ಇಂಚು, ಗೇಣಿಗೆ ತುಸು ಕಡಿಮೆ. ದಾದಾ ರೀಲನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ, ಉಸಿರಿನ ಸದ್ದು ಸಿಕ್ಕ ಜಾಗಕ್ಕೆ ಹಳದಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ತುದಿಗಳನ್ನು ಅಂಟಿಸುತ್ತಿದ್ದ. ಕತ್ತರಿಸಿದ ಉಸಿರುಗಳು ನೆಲದ ಮೇಲೆ ಕಂದು ರಿಬ್ಬನ್ನಿನಂತೆ ಬಿದ್ದಿರುತ್ತಿದ್ದವು. ಸಂಜೆ ಗುಡಿಸುವವನು ನಾನೇ. ಎಲ್ಲ ಉಸಿರನ್ನೂ ಅವನು ತೆಗೆಯುತ್ತಿರಲಿಲ್ಲ. ತಾರೀಖಿನ ಮುಂಚಿನದ್ದನ್ನು ಬಿಡುತ್ತಿದ್ದ. ಉಸಿರು ಕೇಳಿದರೆ ಏನೋ ಬರುತ್ತಿದೆ ಅಂತ ಜನರ ಕಿವಿ ನಿಮಿರುತ್ತದಂತೆ.

ಆ ಹುಡುಗ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಗ ಊರಿನ ಎಲ್ಲ ಕಾಲೇಜುಗಳಿಗೂ ಫೆಸ್ಟಿನ ಹುಚ್ಚು ಹತ್ತಿತ್ತು. ಐಐಟಿಯ ಮೂಡ್ ಇಂಡಿಗೊ 1971ರಲ್ಲೇ ಶುರುವಾಗಿತ್ತು, ಸೇಂಟ್ ಝೇವಿಯರ್ಸ್‌ನವರ ಮಲ್ಹಾರ್ 1979ರಲ್ಲಿ. ಉಪನಗರದ ಸಣ್ಣ ಕಾಲೇಜುಗಳಿಗೂ ತಮ್ಮದೊಂದು ಬೇಕಿತ್ತು. ಹುಡುಗನ ಬಳಿ ರೇಡಿಯೊಗೆ ಕೊಡುವಷ್ಟು ಹಣ ಎಲ್ಲಿಂದ ಬರಬೇಕು? ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಕಡೆ ನಾಟಕದ ವಿರಾಮದಲ್ಲಿ ಕ್ಯಾಸೆಟ್ ಹಾಕಿಸುವುದು ಅವನ ಲೆಕ್ಕ. ಅಲ್ಲಿ ಕೂತವರೆಲ್ಲ ಹೋಟೆಲಿನವರು, ಬ್ಯಾಂಕಿನವರು, ಅವನ ಸಹಪಾಠಿಗಳ ಅಪ್ಪಂದಿರು. ಕಿಸೆಯಿಂದ ನಾನೂರು ರೂಪಾಯಿ ತೆಗೆದಿಟ್ಟ. ನಮ್ಮ ಸ್ಟುಡಿಯೊಗೆ ಗಂಟೆಗೆ ಮುನ್ನೂರು. ಟೇಪು ಬೇರೆ, ದನಿ ಬೇರೆ. ದಾದಾ ನೋಟುಗಳನ್ನು ಎಣಿಸಿ ನೂರು ಹಿಂದೆ ತಳ್ಳಿದ. "ಬರೆಯುವುದೂ ದನಿ ಕೊಡುವುದೂ ಈ ಚಹಾದವನು. ಟೇಪಿನ ದುಡ್ಡಿಗೆ ಬದಲು ನನ್ನ ಮಗಳಿಗೆ ಎರಡು ಟಿಕೆಟ್. ಮುಂದಿನ ಸಾಲು." ಹುಡುಗ ಹಿಂದಿನ ಸಾಲಿಗೆ ಚೌಕಾಸಿ ಮಾಡಿದ. ಕೊನೆಗೆ ಮೂರನೆಯ ಸಾಲಿಗೆ ಒಪ್ಪಂದವಾಯಿತು. ನಾನು ಬರಹಗಾರನಾದದ್ದು ಹೀಗೆ.

ಅಂದು ದಾದಾ ಕಲಿಸಿದ್ದನ್ನೇ ನಾನು ಜೀವಮಾನವಿಡೀ ಮಾಡಿದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಪದ ಎಣಿಸದೆ ಬೆರಳು ಮಡಚಿ ಅಕ್ಷರ ಎಣಿಸಿದ. ಕನ್ನಡದ ಪದ ಉದ್ದ. ಹಿಂದಿಯ ನಲವತ್ತು ಪದ ಹಿಡಿಯುವಲ್ಲಿ ನಮ್ಮ ನಲವತ್ತು ಪದ ಹಿಡಿಯುವುದಿಲ್ಲ. ಅವಸರವಿಲ್ಲದೆ ಹೇಳಿದರೆ ಸೆಕೆಂಡಿಗೆ ಆರು ಅಕ್ಷರ, ಇಪ್ಪತ್ತು ಸೆಕೆಂಡಿಗೆ ನೂರಿಪ್ಪತ್ತು. ಅದರಲ್ಲಿ ಮೂರನೆಯ ಒಂದು ಭಾಗ ಸದ್ದಿಗೆ ಮತ್ತು ಮೌನಕ್ಕೆ. ಉಳಿದ ಎಂಬತ್ತರೊಳಗೆ ಎಲ್ಲ ಮುಗಿಯಬೇಕು. ಒಂದೇ ಒಂದು ಚಿತ್ರ, ಎರಡು ಬೇಡ. ಊರು, ದಿನ, ಟಿಕೆಟ್ ಎಲ್ಲಿ ಅನ್ನುವುದು. "ತಾರೀಖ್ ದೋನ್‌ದಾ" ಅನ್ನುತ್ತಿದ್ದ, ತಾರೀಖು ಎರಡು ಸಲ. ಕೇಳುವವನು ಮೊದಲ ಸಲ ಆಸೆ ಪಡುತ್ತಾನೆ, ಪೆನ್ನು ಹುಡುಕುವುದು ಆಮೇಲೆ.

ನನಗೆ ಅದು ಹೊಸದಾಗಿರಲಿಲ್ಲ. ಕುಂದಾಪುರದ ಕಡೆ ನಮ್ಮ ಮನೆಯ ಮುಂದೆ ಡೇರೆ ಮೇಳದ ಜೀಪು ಮೈಕು ಕಟ್ಟಿಕೊಂಡು ಹೋಗುತ್ತಿತ್ತು. ಗದ್ದೆಯ ತಿರುವಿನಲ್ಲಿ ಕಾಣಿಸಿಕೊಂಡು ಅಶ್ವತ್ಥಕಟ್ಟೆಯ ಹಿಂದೆ ಮರೆಯಾಗುವವರೆಗೆ, ಮಾತು ತಿಳಿಯುವಂತೆ ಕೇಳುತ್ತಿದ್ದದ್ದು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಇಂದು ರಾತ್ರಿ, ಇಂಥ ಗದ್ದೆಯಲ್ಲಿ, ಇಂಥ ಪ್ರಸಂಗ, ನೆಲಕ್ಕೆ ಇಷ್ಟು, ಕುರ್ಚಿಗೆ ಇಷ್ಟು. ಯಾವ ಮನೆಯ ಮುಂದೆ ಯಾವ ವಾಕ್ಯ ಬೀಳುತ್ತದೋ ಹೇಳುವವನಿಗೆ ಗೊತ್ತಿಲ್ಲ. ಅದಕ್ಕೇ ಒಂದೊಂದು ವಾಕ್ಯವೂ ತನ್ನ ಕಾಲ ಮೇಲೆ ನಿಲ್ಲಬೇಕಿತ್ತು.

ಆಗಿನದೆಲ್ಲ ಚಿನ್ನ ಅಂತ ಹೇಳಿದರೆ ಸುಳ್ಳಾಗುತ್ತದೆ. ನಾವೂ ಕೂಗಾಡಿದ್ದೇವೆ. ಪ್ರತಿಧ್ವನಿ ಹಾಕಿ ಹಾಕಿ ಕಾಲೇಜಿನ ಹೆಸರು ಬಾವಿಯೊಳಗಿಂದ ಬಂದಂತೆ ಕೇಳಿಸಿದ್ದೇವೆ. ದನಿಯ ಹುಡುಗರೆಲ್ಲ ಅಮೀನ್ ಸಯಾನಿಯಾಗಲು ಹೋಗಿ ಗಂಟಲು ಕೆಡಿಸಿಕೊಂಡರು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ ಒಂದಿದೆ. ಒಂದು ವರ್ಷ ಇನ್ನೊಂದು ಕಾಲೇಜಿನವರು ಬಂದು, ಸಿನಿಮಾದವರೊಬ್ಬರು ಬರುವ ಸಂಭವವಿದೆ, ಇನ್ನೂ ಖಚಿತವಾಗಿಲ್ಲ ಅಂದರು. ನಾನು ಹುರುಪಿನಲ್ಲಿ ಬರೆದೆ: ಬರುವವರು ಯಾರು? ಹೆಸರು ಹೇಳುವಂತಿಲ್ಲ, ನೀವೇ ಬಂದು ನೋಡಿ. ದಾದಾ ಓದಿಸಿ ಕೇಳಿದ, ನನ್ನನ್ನು ನೋಡಿದ, "ಹೆಸರು ಇದೆಯಾ?" ಅಂತ ಕೇಳಿದ. ಇದೆ ಅಂದೆ. ಟಿಕೆಟ್ಟುಗಳು ಮೂರೇ ದಿನದಲ್ಲಿ ಖಾಲಿ. ಆ ಸಂಜೆ ಯಾರೂ ಬರಲಿಲ್ಲ. ಕುರ್ಚಿಗಳು ಮುರಿದವು, ಗೇಟಿನಲ್ಲಿ ನಿಂತಿದ್ದ ಹುಡುಗನೊಬ್ಬನ ಕೈಗೆ ಪ್ಲಾಸ್ಟರ್ ಬಿತ್ತು. ಇದ್ದ ಹೆಸರನ್ನು ಬಚ್ಚಿಡುವುದು ಈ ಕಸುಬಿನ ಆಟ. ಇಲ್ಲದ ಹೆಸರನ್ನು ಬಚ್ಚಿಟ್ಟೆ ನಾನು. ದಾದಾ ಒಂದು ತಿಂಗಳು ನನಗೆ ಬರೆಯಲು ಕೊಡಲಿಲ್ಲ. ಮತ್ತೆ ಚಹಾ.

ಮೊಮ್ಮಗಳು ಕಳಿಸಿದ ಹಿಂದಿನ ವರ್ಷದ ಟೀಸರ್ ನೋಡಿದೆ. ಡ್ರೋನು ಮೇಲಿಂದ ಇಳಿಯುತ್ತದೆ, ಬೆಳಕು ಮಿಂಚುತ್ತದೆ, ಯಾರೋ ಕೂದಲು ಬೀಸುತ್ತಾರೆ, ನಾಲ್ಕು ಪ್ರಾಯೋಜಕರ ಲೋಗೊ, ಮುಗಿಯಿತು. ಯಾವ ಊರು, ಯಾವ ದಿನ? "ಅದು ಕೆಳಗೆ ಬರೆದಿರ್ತದೆ ಅಜ್ಜಾ." ಎಲ್ಲ ಫೆಸ್ಟಿನದ್ದೂ ಹೀಗೇ. ಹೆಸರು ಮುಚ್ಚಿದರೆ ಯಾವುದು ಯಾರದ್ದೆಂದು ಹೆತ್ತ ಕಾಲೇಜಿಗೂ ಗೊತ್ತಾಗದು. ಹಾಗೆಯೇ ಅಂದೆ. ಅವಳು ಬೇಸರ ಮಾಡಿಕೊಳ್ಳದೆ ಒಂದು ಗ್ರಾಫ್ ತೋರಿಸಿದಳು. ಎಷ್ಟು ಜನ ಎಷ್ಟನೆಯ ಸೆಕೆಂಡಿನವರೆಗೆ ನೋಡಿದರು ಅನ್ನುವ ಗೆರೆ. ಮೊದಲ ಲೋಗೊ ಬಂದ ಜಾಗದಲ್ಲಿ ಗೆರೆ ಬಾವಿಗೆ ಹಾರಿದಂತೆ ಇಳಿದಿತ್ತು. ದಾದಾ ಕಿವಿಯಿಂದ ಊಹಿಸುತ್ತಿದ್ದದ್ದು ಇಲ್ಲಿ ಗೆರೆಯಾಗಿ ಬಿದ್ದಿದೆ. ನಾನು ಸುಮ್ಮನಾದೆ.

ಅವಳ ಕರಡಿನಲ್ಲಿ ನೂರೆಂಬತ್ತು ಅಕ್ಷರ ಇತ್ತು, "ರಾತ್ರಿಯಿಡೀ ಧಮಾಲ್" ಅಂತಲೂ ಇತ್ತು. ಬಯಲಲ್ಲಿ ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಬೇಕಾದ ಊರಿನಲ್ಲಿ ಎಂಥ ರಾತ್ರಿಯಿಡೀ? ಅದನ್ನು ಹೊಡೆದು ಹಾಕಿಸಿದೆ. ಮುಂಬಯಿಯವರ ಕಿವಿ ಎಲ್ಲಿ ನಿಮಿರುತ್ತದೆ ಅಂತ ಕೇಳಿದೆ. ಲೋಕಲ್‌ನಲ್ಲಿ ಸ್ಟೇಷನ್ ಹೆಸರು ಕೂಗಿದಾಗ ಅಂದಳು. ನಮ್ಮ ಕಾಲದಲ್ಲಿ ಡಬ್ಬಿಯೊಳಗೆ ಆ ದನಿ ಇರಲಿಲ್ಲ, ಕಿಟಕಿಯಲ್ಲಿ ಇಣುಕಿ ನೋಡಬೇಕಿತ್ತು. ಇಬ್ಬರೂ ಸೇರಿ ಹೀಗೆ ಮಾಡಿದೆವು:

ರೈಲಿನ ಸದ್ದು, ಮೂರು ಸೆಕೆಂಡು. "ಮುಂದಿನ ಸ್ಟೇಷನ್, ಪಾರ್ಲಾ." ಚೆಂಡೆಯ ಒಂದೇ ಪೆಟ್ಟು, ಮೌನ. "ಕ್ಲಾಸಿಗೆ ಇಳಿಯದವರೂ ಈ ಸಲ ಇಳಿಯುತ್ತಾರೆ." ಉಸಿರು. "ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಸಂಜೆ ಐದು. ಟಿಕೆಟ್ ಮುನ್ನೂರು ರೂಪಾಯಿ, ಕಾಲೇಜಿನ ಗೇಟಿನಲ್ಲಿ." ಮತ್ತೆ ಚೆಂಡೆ. "ಹತ್ತೊಂಬತ್ತು, ಶುಕ್ರವಾರ. ಪಾರ್ಲಾದಲ್ಲಿ ಇಳಿಯಿರಿ."

ಎಪ್ಪತ್ತೊಂದು ಅಕ್ಷರ. ಹೇಳಲು ಹನ್ನೆರಡು ಸೆಕೆಂಡು, ಉಳಿದ ಎಂಟು ರೈಲಿಗೆ, ಚೆಂಡೆಗೆ, ಉಸಿರಿಗೆ. ತಾರೀಖಿಗೆ ವಾರ ಸರಿಯಿದೆಯೇ ಅಂತ ಕ್ಯಾಲೆಂಡರ್ ನೋಡಿಸಿದೆ. ಈ ಕಸುಬಿನಲ್ಲಿ ಮಾನ ಹೋಗುವುದು ಹೆಚ್ಚಾಗಿ ಅಲ್ಲೇ. ನನಗೆ ತಿಳಿಯದ್ದನ್ನು ಅವಳು ಸೇರಿಸಿದಳು. ಅರ್ಧ ಜನ ಫೋನಿನ ದನಿ ಮುಚ್ಚಿಯೇ ನೋಡುತ್ತಾರಂತೆ, ಹಾಗಾಗಿ ಸದ್ದಿನ ಜೊತೆಗೆ ಕಣ್ಣಿಗೂ ಏನಾದರೂ ಬೇಕು. ರೈಲಿನ ಹಿಡಿಕೆಗೆ ಜೋತ ಒಂದು ಕೈ, ಚೆಂಡೆ ಬಿದ್ದಾಗ ಪರದೆ ಪೂರ್ತಿ ಕಪ್ಪು. ಮಾತೆಲ್ಲ ಅಕ್ಷರದಲ್ಲಿ, ಅದೂ ನಡುವಿಗಿಂತ ಮೇಲೆ. ಕೆಳಗೆ ಹಾಕಿದರೆ ಆ ಹೃದಯದ ಬಟನ್ನು ಮತ್ತು ಹೆಸರು ತಾರೀಖನ್ನು ಮುಚ್ಚುತ್ತವೆ.

ಎರಡು ದಿನ ಬಿಟ್ಟು ಮತ್ತೆ ಫೋನು. ಪ್ರಾಯೋಜಕರು ಲೋಗೊ ಮೊದಲಲ್ಲೇ ಇರಬೇಕು ಅಂದಿದ್ದಾರೆ. ಗ್ರಾಫ್ ತೋರಿಸಿ ಜಗಳವಾಡಿ ಅದನ್ನು ಮೊದಲಿನಿಂದ ಕೊನೆಗೆ ತಳ್ಳಿದ್ದಾಳೆ. ಆದರೂ ಎರಡು ಸೆಕೆಂಡು ಹೋಯಿತು. "ಕೊನೆಯ ತಾರೀಖು ತೆಗೀತೇನೆ ಅಜ್ಜಾ."

"ಅದೊಂದನ್ನು ಮುಟ್ಟಬೇಡ," ಅಂದೆ. ದಾದಾನ ಮಾತು ಹೇಳಿದೆ, ಪೆನ್ನಿನ ಕಥೆ ಹೇಳಿದೆ, ದನಿ ಸ್ವಲ್ಪ ಏರಿಯೂ ಇತ್ತು.

"ರೀಲು ಮುಗಿದ ಕೂಡಲೇ ತಾನಾಗಿ ಮತ್ತೆ ಶುರುವಾಗ್ತದೆ ಅಜ್ಜಾ. ತಾರೀಖು ಹೇಗೂ ಎರಡು ಸಲ ಬರ್ತದೆ."

ನಮ್ಮ ರಸ್ತೆ ಅಶ್ವತ್ಥಕಟ್ಟೆಯ ಆಚೆ ಹೊಳೆಯಲ್ಲಿ ಮುಗಿಯುತ್ತಿತ್ತು. ಜೀಪು ಅಲ್ಲಿ ತಿರುಗಿಸಿಕೊಂಡು ಅದೇ ದಾರಿಯಲ್ಲಿ ವಾಪಸು ಬರಬೇಕಿತ್ತು. ಅದು ಬರುವಷ್ಟರಲ್ಲಿ ಅಮ್ಮ ಒಲೆ ಬಿಟ್ಟು ಜಗಲಿಗೆ ಬಂದು ನಿಂತಿರುತ್ತಿದ್ದಳು.

"ತೆಗಿ," ಅಂದೆ.