ಬೀಗರೂಟವೂ 20ನೇ ತಾರೀಖೂ

ರಜೆ ಕೇಳುವುದು ಒಂದು, ರಜೆಯಲ್ಲಿದ್ದುಕೊಂಡೇ ಇನ್ನೆರಡು ದಿನ ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ನಗುವ ಮ್ಯಾನೇಜರ್ ಎರಡನೆಯದಕ್ಕೆ ಕ್ಯಾಲೆಂಡರ್ ನೋಡುತ್ತಾನೆ. ನಾನೂ ನೋಡುತ್ತೇನೆ. ಅಕೌಂಟ್ಸ್ ವಿಭಾಗದವನಿಗೆ 20ನೇ ತಾರೀಖೆಂದರೆ ಹಿಂದಿನ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ.

ನಮ್ಮ ವಿಭಾಗದ ಹುಡುಗನ ತಂಗಿಯ ಮದುವೆ ಮಂಡ್ಯದ ಕಡೆಯ ಹಳ್ಳಿಯಲ್ಲಿ. ಧಾರೆ ಭಾನುವಾರ, 18ಕ್ಕೆ. ಸೋಮವಾರದವರೆಗೆ ರಜೆ ಬರೆದು ಹೋಗಿದ್ದ. ಶನಿವಾರ ಸಂಜೆ ಫೋನು ಬಂತು: "ಸರ್, ಬೀಗರೂಟ ಮಂಗಳವಾರಕ್ಕೆ ಹೋಯ್ತು. ಸೋಮವಾರ ಮರಿ ಕುಯ್ಯಂಗಿಲ್ಲ ಅಂತ ದೊಡ್ಡಪ್ಪ ಪಟ್ಟು ಹಿಡಿದವ್ರೆ."

ಸೋಮವಾರ ಶಿವನ ವಾರ. ದೊಡ್ಡಪ್ಪನ ಮುಂದೆ ವಾದವಿಲ್ಲ. ಹೆಣ್ಣಿನ ಅಣ್ಣನೇ ನಿಂತು ಬಡಿಸದಿದ್ದರೆ ಬೀಗರಿಗೆ ಮುದ್ದೆ ಇಳಿದೀತು, ಮುನಿಸು ಇಳಿಯುವುದಿಲ್ಲ. ಇದೆಲ್ಲ ನನಗೂ ಗೊತ್ತು. "ಮೇಲ್ ಹಾಕಪ್ಪ, ನೋಡೋಣ" ಎಂದೆ.

ಮೇಲ್‌ನಲ್ಲಿ ಬೀಗರೂಟಕ್ಕೆ ಸಿಕ್ಕಿದ್ದು ಒಂದೇ ಸಾಲು. ಮಿಕ್ಕಿದ್ದೆಲ್ಲ ಕೆಲಸದ ಮಾತು:

"2ಬಿ ಜೊತೆ ಖರೀದಿ ಬಿಲ್ಲುಗಳನ್ನು ಗುರುವಾರವೇ ತಾಳೆ ನೋಡಿದ್ದೇನೆ. ಮೂರು ಬಿಲ್ಲು ಅದರಲ್ಲಿ ಬಂದಿಲ್ಲ, ಅವುಗಳ ಕ್ರೆಡಿಟ್ ಈ ತಿಂಗಳು ಬೇಡ. ಪಕ್ಕದ ಮೇಜಿನ ಮೇಡಂ ಸೋಮವಾರ ಮಧ್ಯಾಹ್ನ ಚಲನ್ ಕಟ್ಟಿಸಿ, ಸಂಜೆಯೊಳಗೆ ಸಲ್ಲಿಸಲು ಒಪ್ಪಿದ್ದಾರೆ. ಶೀಟ್ ತೋರಿಸಿ ಮಾತಾಡಿದ್ದೇನೆ. ಡಿಜಿಟಲ್ ಸಹಿಯ ಟೋಕನ್ ನಿಮ್ಮ ಬೀರುವಿನಲ್ಲಿದೆ. ಮಂಗಳವಾರ ಬೆಳಿಗ್ಗೆ 7ರಿಂದ 9ರವರೆಗೆ ಫೋನಿಗೆ ಸಿಗುತ್ತೇನೆ, ಆಮೇಲೆ ಪಂಕ್ತಿ ಮುಗಿಯುವವರೆಗೆ ಸಿಗುವುದಿಲ್ಲ."

"ಒಪ್ಪಿದ್ದಾರೆ" ಎಂಬಲ್ಲಿ ನನ್ನ ಅರ್ಧ ಭಾರ ಇಳಿಯಿತು. ಸಾಮಾನ್ಯವಾಗಿ "ಅವರು ನೋಡಿಕೊಳ್ಳುತ್ತಾರೆ" ಎಂದು ಬರೆದಿರುತ್ತಾರೆ. ಆ ಅವರಿಗೆ ವಿಷಯ ತಿಳಿಯುವುದು ನನ್ನಿಂದಲೇ. ಬಿಲ್ಲುಗಳ ಮಾತನ್ನು ಹೇಳದೆ ಹೋಗಿದ್ದರಂತೂ ಮೇಡಂ ಖರೀದಿ ಪುಸ್ತಕದ ಮೊತ್ತವನ್ನೇ ತುಂಬಿಬಿಡುತ್ತಿದ್ದರು. ಇಲ್ಲದ ಕ್ರೆಡಿಟ್ ಪಡೆದದ್ದಕ್ಕೆ ಮುಂದೆ ಇಲಾಖೆಯ ನೋಟಿಸ್. ಇನ್ನು "ಸಿಗುವುದಿಲ್ಲ" ಎಂದು ಬರೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಯಾವಾಗ ಬೇಕಾದರೂ ಫೋನ್ ಮಾಡಿ ಎಂದವರಿಗೆ ಮದುವೆಮನೆಯ ಮೈಕಿನ ಸದ್ದಿನಲ್ಲಿ ರಿಂಗು ಕೇಳಿಸಿದ್ದುಂಟೇ!

ಯೋಜನೆಯಲ್ಲಿ ಒಂದು ತೂತಿತ್ತು. ಚಲನ್ ಹಣಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆ ಕೊಡಬೇಕಾದ ಮಾಲೀಕರು ಸೋಮವಾರ ಮಧ್ಯಾಹ್ನವೇ ಪ್ರಯಾಣ ಹೊರಡುವವರು. ಅದು ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿದ್ದು ಬುಧವಾರವನ್ನೂ ಸೇರಿಸಿ, ಪಾತ್ರೆ ಮತ್ತು ಶಾಮಿಯಾನದವರ ಲೆಕ್ಕ ತೀರಿಸಲು. ಲೆಕ್ಕದವನಿಗೆ ಮದುವೆಮನೆಯಲ್ಲೂ ಲೆಕ್ಕವೇ. ಎರಡೂ ದಿನ ಮಂಜೂರು ಮಾಡಿ, ಚಲನ್ ಸಮಯವನ್ನು ಬೆಳಿಗ್ಗೆ 11ಕ್ಕೆ ತಿದ್ದಿ, ಮೇಡಂಗೂ ಪ್ರತಿ ಕಳಿಸಿದೆ.